ಕುದುರೆ ಹೆಚ್ಚಿದ್ದಾಗ ಆನೆ ಕೊಡಿ, ಕಾಲಾಳು ಉಳಿಸಿ

ಬಿಳಿಯ ರಾಜ g1, ಆನೆ d1, ಕುದುರೆ c6, ಕಾಲಾಳುಗಳು f2, g2, h2. ಕಪ್ಪಿನ ರಾಜ g8, ಆನೆ e8, ಕಾಲಾಳುಗಳು f7, g7, h7. ಬಿಳಿಗೆ ಒಂದು ಇಡೀ ಕುದುರೆ ಹೆಚ್ಚು, ಆಡುವ ಸರದಿಯೂ ಅದರದೇ. ಗೆದ್ದಾಯಿತು ಅನ್ನಿಸುವ ಸ್ಥಿತಿ ಇದು. ಆದರೂ ಇಂಥದ್ದು ಡ್ರಾ ಆಗುವುದನ್ನು ಎಲ್ಲರೂ ನೋಡಿರುತ್ತಾರೆ.

ಡ್ರಾ ಆಗುವ ದಾರಿ ಒಂದೇ. ಬಿಳಿ ಆಟಗಾರ ಕಾಲಾಳುಗಳನ್ನು ಮುಂದೆ ತಳ್ಳುತ್ತಾನೆ, ಅವು ಎದುರಾಳಿಯ ಕಾಲಾಳುಗಳಿಗೆ ತಾಗುತ್ತವೆ, ಒಂದೊಂದಾಗಿ ಹೊಡೆದಾಟ ನಡೆದು ಮೂರೂ ಜೋಡಿ ಹೋಗಿಬಿಡುತ್ತದೆ. ಉಳಿಯುವುದು ಆನೆ, ಕುದುರೆ ಒಂದು ಕಡೆ, ಆನೆ ಇನ್ನೊಂದು ಕಡೆ. ಕುದುರೆ ಇನ್ನೂ ಹೆಚ್ಚೇ ಇದೆ, ಆದರೆ ಸರಿಯಾಗಿ ಆಡಿದರೆ ಅದು ಡ್ರಾ. ಬರೀ ಕುದುರೆ ಮತ್ತು ರಾಜನಿಂದ ಮೇಟ್ ಆಗುವುದಿಲ್ಲ, ಒಂಟೆಯ ಕಥೆಯೂ ಅಷ್ಟೇ. ಹೆಚ್ಚಿನ ಕುದುರೆಯ ಕೆಲಸ ಮೇಟ್ ಕೊಡುವುದಲ್ಲ, ಒಂದು ಕಾಲಾಳನ್ನು ಎಂಟನೇ ಸಾಲಿಗೆ ಮುಟ್ಟಿಸುವುದು. ಕಾಲಾಳೇ ಇಲ್ಲದಿದ್ದರೆ ಅದಕ್ಕೆ ಕೆಲಸವೇ ಇಲ್ಲ. ಅದಕ್ಕೇ ಹಿಂದೆ ಬಿದ್ದವನು ಕಾಲಾಳು ಬದಲಿಸಲು ಹಾತೊರೆಯುತ್ತಾನೆ, ಮುಂದಿರುವವನು ದೊಡ್ಡ ಕಾಯಿಗಳನ್ನು ಬದಲಿಸಬೇಕು. ಮಂತ್ರಿಗಳು ಇನ್ನೂ ಬೋರ್ಡ್ ಮೇಲಿದ್ದರೆ ಮೊದಲು ಅವು ಹೋಗಬೇಕು. ಸೋಲುತ್ತಿರುವವನಿಗೆ ಬಿಡದೆ ಚೆಕ್ ಕೊಡುತ್ತಾ ಡ್ರಾ ಮಾಡಿಕೊಳ್ಳುವ ಅವಕಾಶ ಹೆಚ್ಚಾಗಿ ಮಂತ್ರಿಯಿಂದಲೇ ಸಿಗುತ್ತದೆ.

ಮೇಲಿನ ಸ್ಥಿತಿಯಲ್ಲಿ ನಾನು ಆಡುವುದು Rd8. c6 ಕುದುರೆ d8 ಮನೆಯನ್ನು ಕಾಯುತ್ತಿದೆ, ಕಪ್ಪು ಆನೆ ತನ್ನ ರಾಜನ ಮುಂದೆ ಪಿನ್ ಆಗಿದೆ. ಅದು ಸಾಲು ಬಿಟ್ಟು ಹೋಗುವಂತಿಲ್ಲ. Rxd8 ಹೊಡೆದರೆ Nxd8. ರಾಜ f8ಗೆ ಬಂದರೆ Rxe8+, Kxe8. ಎರಡರಲ್ಲೂ ಆನೆಗಳು ಹೋದವು. ಮೊದಲ ದಾರಿಯಲ್ಲಿ ಕುದುರೆ d8ರಲ್ಲಿ ಒಂಟಿಯಾಗಿ ನಿಲ್ಲುತ್ತದೆ, ಆದರೆ f7 ಮೇಲೆ ಬಿದ್ದಿರುತ್ತದೆ. ಕಪ್ಪು ರಾಜ ಅದನ್ನು ಹಿಡಿಯಲು ಬರುವಷ್ಟರಲ್ಲಿ c6ಗೆ ವಾಪಸ್ ಬರಬಹುದು. ಬದಲಾವಣೆಗೆ ಮುಂಚೆ ಈ ಲೆಕ್ಕ ಹಾಕಲೇಬೇಕು: ಕೊನೆಯ ಹೊಡೆತದ ನಂತರ ನನ್ನ ಕಾಯಿ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಹೊರಬರುವ ದಾರಿ ಇದೆಯೇ?

ಇದೇ ಸ್ಥಿತಿಯಲ್ಲಿ ಒಂದು ಸಣ್ಣ ವ್ಯತ್ಯಾಸ ಮಾಡಿ ನೋಡಿ. ಕಪ್ಪಿನ ಕಾಲಾಳು h6ರಲ್ಲೂ ರಾಜ h7ರಲ್ಲೂ ಇದ್ದರೆ ಅದೇ Rd8ಗೆ Re1 ಮೇಟ್! ಪಿನ್ ಇಲ್ಲ, ಬಿಳಿ ರಾಜನಿಗೆ ಓಡಲು ಜಾಗವಿಲ್ಲ. ಹೆಚ್ಚುವರಿ ಕಾಯಿ ಇಟ್ಟುಕೊಂಡೂ ಸೋಲುವ ಆಟಗಳಲ್ಲಿ ಹಿಂದಿನ ಸಾಲಿನ ಮೇಟ್ ಪಾಲು ದೊಡ್ಡದು. ಆದ್ದರಿಂದ ಬದಲಾವಣೆಗೆ ಆತುರಪಡುವ ಮೊದಲು h3 ಆಡಿ ರಾಜನಿಗೆ ಒಂದು ಕಿಟಕಿ ತೆಗೆಯುವುದು ನನ್ನ ಅಭ್ಯಾಸ. ಒಂದು ನಡೆ ಹೋಗುತ್ತದೆ, ಹೋಗಲಿ. ಕಾಯಿ ಹೆಚ್ಚಿರುವವನಿಗೆ ಸಮಯದ ಕೊರತೆ ಇರುವುದು ಅಪರೂಪ.

ಎದುರಾಳಿ ಸುಮ್ಮನೆ ಆನೆ ಒಪ್ಪಿಸುವುದಿಲ್ಲ, ಅದೂ ನಿಜ. ಹಾಗಾಗಿ "ಬದಲಿಸೋಣ" ಎಂದು ಅವನ ಹಿಂದೆ ಓಡುವುದಲ್ಲ, ಅವನಿಗೆ ಬೇಕಾದ ಜಾಗದಲ್ಲೇ ಆನೆ ಇಡುವುದು. ಉದಾಹರಣೆಗೆ ಕಪ್ಪು ಆನೆ a2ರಲ್ಲಿ ಕೂತು f2 ಮೇಲೆ ಕಣ್ಣಿಟ್ಟಿದೆ, ನಮ್ಮ ಕುದುರೆ f3ರಲ್ಲಿದೆ, h3 ಆಗಲೇ ಆಡಿಯಾಗಿದೆ ಎಂದುಕೊಳ್ಳಿ. ಆಗ Rd2. ಹೊಡೆದರೆ ಕುದುರೆ ಹೊಡೆಯುತ್ತದೆ. ಬೇಡವೆಂದು Ra1+ ಕೊಟ್ಟರೆ ರಾಜ h2ಗೆ ಹೋಗುತ್ತಾನೆ, ಕಪ್ಪು ಆನೆ ಎರಡನೇ ಸಾಲು ಕಳೆದುಕೊಂಡಿತು. ಬದಲಾವಣೆ ತಪ್ಪಿಸಿದ ಪ್ರತಿ ಸಲವೂ ಅವನು ಒಂದು ಒಳ್ಳೆಯ ಸಾಲನ್ನೋ ಮನೆಯನ್ನೋ ಬಿಟ್ಟುಕೊಡುತ್ತಾನೆ. ಹಾಗೆ ಎರಡು ಮೂರು ಸಲ ಬಿಟ್ಟ ಮೇಲೆ ಅವನ ಆನೆಗೆ ಹೋಗಲು ಒಳ್ಳೆಯ ಜಾಗ ಉಳಿದಿರುವುದಿಲ್ಲ.

ಈಗ ಆನೆಗಳು ಹೋದವು ಎಂದಿಟ್ಟುಕೊಳ್ಳಿ. ಕುದುರೆ ಮತ್ತು ಮೂರು ಕಾಲಾಳು, ಎದುರಿಗೆ ಬರೀ ಮೂರು ಕಾಲಾಳು. ಇಲ್ಲಿಂದ ಮುಂದೆ ಹೇಗೆ ಎಂಬುದನ್ನು ಒಂದು ಸ್ಥಿತಿಯಲ್ಲಿ ಪೂರ್ತಿ ತೋರಿಸುತ್ತೇನೆ. ಬಿಳಿ: ರಾಜ d5, ಕುದುರೆ e5, ಕಾಲಾಳು f4, g3, h4. ಕಪ್ಪು: ರಾಜ e8, ಕಾಲಾಳು f7, g6, h5. ಬಿಳಿಯ ಆಟ.

ಇಲ್ಲಿ ಎಷ್ಟೋ ಜನ g4 ತಳ್ಳುತ್ತಾರೆ. ಅದೇ ಕಪ್ಪಿಗೆ ಬೇಕಾದದ್ದು: ಒಂದು ಜೋಡಿ ಕಡಿಮೆಯಾಯಿತು. ಅದರ ಬದಲು Kd6. ಕಪ್ಪು f6 ಆಡಿದರೆ ಕುದುರೆ g6 ಕಾಲಾಳನ್ನು ಹೊಡೆಯುತ್ತದೆ. ರಾಜ d8ಗೆ ಹೋದರೆ Nxf7+, ಆಮೇಲೆ ಕುದುರೆ ಆರಾಮಾಗಿ ಹಿಂದೆ ಬರುತ್ತದೆ. ಉಳಿದದ್ದು Kf8. ಆಗ Kd7, ಅದಕ್ಕೆ Kg7, ಮತ್ತೆ Ke7. ಈಗ f7 ಮೇಲೆ ರಾಜ, ಕುದುರೆ ಇಬ್ಬರೂ ಬಿದ್ದಿದ್ದಾರೆ, ಕಾಯುವವನು ಒಬ್ಬನೇ. Kg8 ಆಡಿದರೆ Nxf7, ಕುದುರೆಗೆ ರಾಜನ ಬೆಂಬಲವಿರುವುದರಿಂದ ಹೊಡೆಯಲಾಗದು. ಕೊನೆಯ ಪ್ರಯತ್ನವಾಗಿ f6 ತಳ್ಳಿದರೆ ಈ ಸಲ g6 ಹೊಡೆಯಬಾರದು, ರಾಜ ಕುದುರೆಯನ್ನು ತಿನ್ನುತ್ತಾನೆ. Nd7 ಆಡಬೇಕು. ಕಪ್ಪು f5 ಎಂದು ಕಾಲಾಳು ಉಳಿಸಿಕೊಂಡರೆ ಕುದುರೆ e5ಗೆ ಮರಳಿ ಬರುತ್ತದೆ, ರಾಜ f6ಗೆ ಹೋಗುತ್ತಾನೆ, g6 ಬೀಳುತ್ತದೆ. ಒಂದೂ ಕಾಲಾಳನ್ನು ಬದಲಿಸದೆ ಒಂದನ್ನು ಪುಕ್ಕಟೆ ಗೆದ್ದಾಯಿತು. ರಾಜ ನುಗ್ಗುತ್ತಾನೆ, ಕುದುರೆ ಎರಡು ಕಾಲಾಳುಗಳನ್ನು ಒಮ್ಮೆಗೇ ಹಿಡಿದಿರುತ್ತದೆ, ನಮ್ಮ ಕಾಲಾಳುಗಳು ಕೂತಲ್ಲೇ ಕೂತಿರುತ್ತವೆ.

ಕೆಲವೊಮ್ಮೆ ಒಂದೆರಡು ಜೋಡಿ ಹೋಗುವುದನ್ನು ತಪ್ಪಿಸಲಾಗುವುದಿಲ್ಲ. ಆಗ ಯಾವುದನ್ನು ಉಳಿಸಿಕೊಳ್ಳುತ್ತೇನೆ ಎಂಬುದೇ ಪ್ರಶ್ನೆ. ಅಂಚಿನ ಕಾಲಾಳನ್ನು ಕೊನೆಗೆ ಉಳಿಸಬೇಡಿ. ಕುದುರೆಯ ಬದಲು ಬಿಳಿ ಮನೆಗಳ ಒಂಟೆ ಇದ್ದು h ಕಾಲಾಳು ಮಾತ್ರ ಉಳಿದರೆ, h8 ಕಪ್ಪು ಮನೆಯಾದ್ದರಿಂದ ಎದುರಾಳಿ ರಾಜ ಆ ಮೂಲೆಗೆ ಬಂದು ಕೂತರೆ ಏಳಿಸಲು ಸಾಧ್ಯವೇ ಇಲ್ಲ. ಕುದುರೆಗೆ ಆ ಬಣ್ಣದ ತೊಂದರೆ ಇಲ್ಲ. ಆದರೆ ಕುದುರೆಯ ಕಾವಲಿನಲ್ಲಿ ಕಾಲಾಳನ್ನು h7ವರೆಗೆ ತಳ್ಳಿ ಎದುರಾಳಿ ರಾಜನನ್ನು g7, h8 ನಡುವೆ ಓಡಾಡಲು ಬಿಟ್ಟರೆ ಅದೂ ಡ್ರಾ. ನಮ್ಮ ರಾಜ ಹತ್ತಿರ ಬಂದರೆ ಸ್ಟೇಲ್‌ಮೇಟ್.

ಇದೆಲ್ಲ ಇಡೀ ಕಾಯಿ ಹೆಚ್ಚಿದ್ದಾಗಿನ ಮಾತು. ಬರೀ ಒಂದು ಕಾಲಾಳು ಹೆಚ್ಚಿದ್ದರೆ ಯಾವ ಕಾಯಿ ಬದಲಿಸುತ್ತೇವೆ ಎಂಬುದು ಮುಖ್ಯವಾಗುತ್ತದೆ. ಉಳಿದದ್ದೆಲ್ಲ ಹೋಗಿ ವಿರುದ್ಧ ಬಣ್ಣದ ಒಂಟೆಗಳು ಮಾತ್ರ ಉಳಿದರೆ ಎರಡು ಕಾಲಾಳು ಹೆಚ್ಚಿದ್ದರೂ ಗೆಲ್ಲದ ಸಂದರ್ಭಗಳಿವೆ. ಒಂದೇ ಬದಿಯಲ್ಲಿ ನಾಲ್ಕಕ್ಕೆ ಮೂರು ಕಾಲಾಳು ಇರುವ ಆನೆಯಾಟವೂ ಸಾಮಾನ್ಯವಾಗಿ ಡ್ರಾ ಕಡೆಗೇ ವಾಲುತ್ತದೆ. ಅಲ್ಲಿ ಆನೆಯನ್ನೂ ಬದಲಿಸಿ ಬರೀ ಕಾಲಾಳಿನ ಆಟಕ್ಕೆ ಇಳಿಯಲು ಸಾಧ್ಯವಾದರೆ ಗೆಲುವಿನ ಅವಕಾಶ ಬಹಳ ಹೆಚ್ಚುತ್ತದೆ. ಆದರೆ ಆ ಕೊನೆಯ ಬದಲಾವಣೆಗೆ ಮಾತ್ರ ಅಂದಾಜು ನಡೆಯುವುದಿಲ್ಲ, ರಾಜರು ಯಾರ ಎದುರು ಯಾರು, ಸರದಿ ಯಾರದು ಎಂದು ನಡೆ ನಡೆಯಾಗಿ ಎಣಿಸಿಯೇ ಆನೆಗೆ ಕೈ ಹಾಕಬೇಕು.