ಶೂ ಬಿಗಿಯಾದರೆ ವಾಪಸ್ ಮಾಡುವುದು ಹೇಗೆ?

ಆ್ಯಪ್‌ನಲ್ಲಿ ಒಂದು ಜೊತೆ ಶೂ ನೋಡಿದ್ದೀರಿ, ಆದರೆ ಸೈಜ್ ಬಗ್ಗೆ ಅನುಮಾನ ಇದೆ. ಹಾಗಿದ್ದರೆ ಆರ್ಡರ್ ಮಾಡುವ ಮುಂಚೆಯೇ ಆ ಪುಟದಲ್ಲಿರುವ ರಿಟರ್ನ್ ನಿಯಮ ಓದಿ. ಎಷ್ಟು ದಿನದೊಳಗೆ ವಾಪಸ್ ಮಾಡಬಹುದು, ದುಡ್ಡು ಕೊಡುತ್ತಾರೋ ಅಥವಾ ಬರೀ ಬೇರೆ ಸೈಜ್ ಕೊಡುತ್ತಾರೋ ಅನ್ನುವುದು ಅಲ್ಲೇ ಇರುತ್ತದೆ.

ಮುಂದಿನದು ಪಾವತಿ. ಕ್ಯಾಶ್ ಆನ್ ಡೆಲಿವರಿ ಅಂದರೆ ವಸ್ತು ನೋಡಿ ದುಡ್ಡು ಕೊಡುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ, ದುಡ್ಡು ಕೊಟ್ಟ ಮೇಲೆಯೇ ಬಾಕ್ಸ್ ತೆರೆಯಬೇಕು. ಆದರೂ ಮಾರಾಟಗಾರರು ಹೊಸಬರಾಗಿದ್ದರೆ ಕ್ಯಾಶ್ ಆನ್ ಡೆಲಿವರಿಯಿಂದ ಅನುಕೂಲ ಇದೆ: ಬಾಕ್ಸ್ ಬರದಿದ್ದರೆ, ಅಥವಾ ಹರಿದು ಬಂದಿದ್ದಕ್ಕೆ ನೀವು ಬೇಡ ಅಂದರೆ, ನಿಮ್ಮ ದುಡ್ಡು ನಿಮ್ಮ ಹತ್ತಿರವೇ ಇರುತ್ತದೆ. ಆದರೆ ಶೂ ವಾಪಸ್ ಮಾಡಿದರೆ ಆ ನಗದು ನಗದಾಗಿಯೇ ಸಿಗುವುದು ಅಪರೂಪ. ಬ್ಯಾಂಕ್ ಖಾತೆಯ ವಿವರ ತುಂಬಬೇಕಾಗುತ್ತದೆ. ಮುಂಚೆಯೇ ಪಾವತಿಸಿದ್ದರೆ ದುಡ್ಡು ಯಾವ ಖಾತೆಯಿಂದ ಹೋಗಿತ್ತೋ ಸಾಮಾನ್ಯವಾಗಿ ಅಲ್ಲಿಗೇ ಬರುತ್ತದೆ. ಹಾಗಾಗಿ ನಂಬಿಕೆಯ ಮಾರಾಟಗಾರರಿಂದ ಸೈಜ್ ಅನುಮಾನದ ಶೂ ತರಿಸುವುದಾದರೆ ಪ್ರೀಪೇಯ್ಡ್ ಒಳ್ಳೆಯದು ಅನ್ನುತ್ತೇನೆ.

ಆರ್ಡರ್ ಎಲ್ಲಿದೆ ಅಂತ 'ಮೈ ಆರ್ಡರ್ಸ್' ಒತ್ತಿ ನೋಡಬಹುದು. ಬಾಕ್ಸನ್ನು ಒಂದೊಂದು ಕೇಂದ್ರದಲ್ಲಿ ಸ್ಕ್ಯಾನ್ ಮಾಡಿದಾಗ ಮಾತ್ರ ಅಲ್ಲಿನ ಮಾಹಿತಿ ಬದಲಾಗುತ್ತದೆ. ಒಂದು ದಿನ ಏನೂ ಬದಲಾಗಲಿಲ್ಲ ಅಂತ ಗಾಬರಿ ಬೇಡ, ಬಾಕ್ಸ್ ಲಾರಿಯಲ್ಲಿ ಇರಬಹುದು. ಗಾಬರಿ ಆಗಬೇಕಾದದ್ದು ಬಾಕ್ಸ್ ಬರದೆಯೇ 'ಡೆಲಿವರ್ಡ್' ಅಂತ ತೋರಿಸಿದಾಗ. ಮನೆಯವರನ್ನೂ ಅಕ್ಕಪಕ್ಕದವರನ್ನೂ ಕೇಳಿ, ಸಿಗದಿದ್ದರೆ ಅವತ್ತೇ ಆ್ಯಪ್‌ನಲ್ಲಿ ದೂರು ಕೊಡಿ.

ಶೂ ಬಂತು, ಬಿಗಿ ಇದೆ. ಮನೆಯೊಳಗೆ ಹಾಕಿ ನೋಡಿದರೆ ಸಾಕು, ಹೊರಗೆ ನಡೆಯಬೇಡಿ. ಟ್ಯಾಗ್ ಕೀಳಬೇಡಿ. ಶೂ ಬಾಕ್ಸ್ ಕೂಡ ಬೇಕು, ಅದರ ಮೇಲೆ ನೇರವಾಗಿ ಟೇಪ್ ಸುತ್ತಬೇಡಿ. ಈಗ ಆರ್ಡರ್ ತೆರೆದು 'ರಿಟರ್ನ್' ಒತ್ತಿ, ಕಾರಣ ಆರಿಸಿ. ಇಲ್ಲಿ ನಿಜವಾದ ಕಾರಣವನ್ನೇ ಕೊಡಿ. ಸೈಜ್ ಸಮಸ್ಯೆಗೆ 'ವಸ್ತು ಹಾಳಾಗಿದೆ' ಅಂತ ಹಾಕಿದರೆ ಫೋಟೊ ಕೇಳಬಹುದು, ಕೋರಿಕೆಯನ್ನೇ ತಿರಸ್ಕರಿಸಲೂಬಹುದು.

ಒಯ್ಯಲು ಬಂದವರು ಬಣ್ಣ, ಸೈಜ್, ಟ್ಯಾಗ್ ನೋಡುತ್ತಾರೆ. ಅವರು ಹೊರಡುವ ಮೊದಲು ಆ್ಯಪ್‌ನಲ್ಲಿ ಅಥವಾ ಮೆಸೇಜ್‌ನಲ್ಲಿ 'ಪಿಕಪ್ ಆಗಿದೆ' ಅನ್ನುವುದು ಬಂತಾ ನೋಡಿಕೊಳ್ಳಿ. ಶೂ ಕೊಟ್ಟಿದ್ದಕ್ಕೆ ಅದೇ ಸಾಕ್ಷಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ರೀಫಂಡ್ ಕೊಡಿಸುತ್ತೇವೆ ಅಂತ ಯಾರೋ ಫೋನ್ ಮಾಡಿ ಪಿನ್ ಅಥವಾ ಒಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ. ದುಡ್ಡು ಪಡೆಯಲು ಪಿನ್ ಬೇಕಿಲ್ಲ. ಆ್ಯಪ್‌ನಲ್ಲಿ ರೀಫಂಡ್ ಆಗಿದೆ ಅಂತಿದ್ದೂ ಖಾತೆಗೆ ಬಂದಿಲ್ಲವಾ? ಅಲ್ಲಿರುವ ರೆಫರೆನ್ಸ್ ನಂಬರ್ ಬ್ಯಾಂಕಿಗೆ ಕೊಡಿ, ದುಡ್ಡು ಎಲ್ಲಿದೆ ಅಂತ ಅವರು ಅದರಿಂದ ಹುಡುಕಬಹುದು.