ಜೋಡಿಯಲ್ಲೇ ಜೋಡಿ ಹೊಂದದಿದ್ದರೆ: ಕೈಕಸೂತಿ ವಸ್ತುವಿಗೆ ವಿವರಣೆ ಬರೆಯುವ ಬಗೆ

ಸಂಡೂರು ತಾಲ್ಲೂಕಿನ ತಾಂಡಾವೊಂದರ ಮಹಿಳೆಯರು ಕಸೂತಿ ಹಾಕಿದ ಕುಶನ್ ಕವರುಗಳ ಜೋಡಿಯೊಂದನ್ನು ತರಿಸಿಕೊಂಡ ಬೆಂಗಳೂರಿನ ಗ್ರಾಹಕರೊಬ್ಬರು, ಪೊಟ್ಟಣ ಬಿಚ್ಚಿದ ದಿನವೇ ಸಂದೇಶ ಕಳಿಸಿದರು. ಚಿತ್ರದಲ್ಲಿ ಎಣಿಸಿದರೆ 42 ಕನ್ನಡಿ ಬಿಲ್ಲೆಗಳಿವೆ, ಬಂದ ಕವರುಗಳ ಪೈಕಿ ಒಂದರಲ್ಲಿ 38, ಇನ್ನೊಂದರಲ್ಲಿ 41 ಇವೆ, ಹೋಗಲಿ ಎಂದರೆ ಅವೆರಡೂ ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಅವರ ದೂರು. ವಿವರಣೆಯ ಕೊನೆಯಲ್ಲಿ "ಕೈಯಿಂದ ಮಾಡಿದ್ದರಿಂದ ಸಣ್ಣಪುಟ್ಟ ವ್ಯತ್ಯಾಸಗಳಿರಬಹುದು" ಎಂಬ ಸಾಲು ಇದ್ದೇ ಇತ್ತು. ಆ ಗುಂಪಿನ ಬರವಣಿಗೆಯ ಕೆಲಸ ನೋಡಿಕೊಳ್ಳುತ್ತಿದ್ದ ನಾನೇ ಅದನ್ನು ಬರೆದಿದ್ದೆ. ಸಾಲು ಸುಳ್ಳಾಗಿರಲಿಲ್ಲ, ಆದರೆ ಅದನ್ನು ಓದಿದವರ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡುವಂತಿರಲಿಲ್ಲ. ಸಣ್ಣದು ಎಂದರೆ ಎಷ್ಟು, ವ್ಯತ್ಯಾಸ ಯಾವುದರಲ್ಲಿ ಎಂಬುದನ್ನು ಗ್ರಾಹಕರು ತಮಗೆ ತೋಚಿದಂತೆ ಊಹಿಸಿಕೊಂಡಿದ್ದರು. ಆಮೇಲೆ ಅದೇ ಕವರುಗಳಿಗೆ ನಾವು ಹೊಸದಾಗಿ ವಿವರಣೆ ಬರೆದ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲು ಟೇಪು, ಆಮೇಲೆ ಪೆನ್ನು

ವಿವರಣೆ ಬರೆಯಲು ಕೂರುವ ಮುನ್ನ, ಕೈಯಲ್ಲಿರುವ ಎಲ್ಲ ಕವರುಗಳನ್ನೂ ಚಾಪೆಯ ಮೇಲೆ ಹರಡಿ ಒಂದೊಂದನ್ನೂ ಅಳೆಯಬೇಕು. ನಮ್ಮಲ್ಲಿ ಆಗ 12 ಕವರುಗಳಿದ್ದವು. ಎಲ್ಲವನ್ನೂ 16 ಇಂಚಿನ ಚೌಕವೆಂದೇ ಮಾರುತ್ತಿದ್ದೆವು. ಟೇಪು ಹಿಡಿದು ನೋಡಿದಾಗ ಹನ್ನೊಂದರ ಬದಿಯ ಅಳತೆ 15½ ಇಂಚಿನಿಂದ 16¼ ಇಂಚಿನವರೆಗೆ ಹರಡಿಕೊಂಡಿತ್ತು, ಒಂದು ಮಾತ್ರ 15 ಇಂಚಿಗೆ ನಿಂತಿತ್ತು. ಬಟ್ಟೆಯನ್ನು ಕತ್ತರಿಸುವಾಗ ಎಲ್ಲವೂ ಒಂದೇ ಅಳತೆಯವೇ. ಆದರೆ ಒತ್ತೊತ್ತಾಗಿ ಹೊಲಿಗೆ ಹಾಕುತ್ತ ಹೋದಂತೆ ದಾರವು ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ದಾರವನ್ನು ಬಿಗಿಯಾಗಿ ಎಳೆಯುವ ಕೈಯವರ ಕವರು ಸಡಿಲ ಕೈಯವರದಕ್ಕಿಂತ ಹೆಚ್ಚು ಕುಗ್ಗುತ್ತದೆ.

ಹೀಗೆ ಅಳೆದಾಗ ಸರಾಸರಿಯನ್ನು ಬರೆದುಕೊಳ್ಳಬಾರದು. ಗ್ರಾಹಕರ ಮನೆಗೆ ಸರಾಸರಿ ಹೋಗುವುದಿಲ್ಲ, ಒಂದು ನಿರ್ದಿಷ್ಟ ಕವರು ಹೋಗುತ್ತದೆ. ಆದ್ದರಿಂದ ಬರೆಯಬೇಕಾದದ್ದು ಅತಿ ಚಿಕ್ಕದರ ಮತ್ತು ಅತಿ ದೊಡ್ಡದರ ಅಳತೆ. ಕನ್ನಡಿಗಳ ಎಣಿಕೆಯನ್ನೂ ಹಾಗೆಯೇ ಬರೆದುಕೊಂಡೆವು: 37ರಿಂದ 44. ಹಿಂಬದಿಯ ಬಟ್ಟೆ, ಜಿಪ್ಪು, ನಾಲ್ಕು ಮೂಲೆಗಳ ಕವಡೆ, ನಡುವಿನ ಚೌಕದ ವಿನ್ಯಾಸ ಇವು ಎಲ್ಲದರಲ್ಲೂ ಒಂದೇ ಆಗಿದ್ದವು. ಅದನ್ನೂ ಪಟ್ಟಿಗೆ ಸೇರಿಸಿದೆವು. ಅದು ಯಾಕೆಂಬುದು ಮುಂದೆ ತಿಳಿಯುತ್ತದೆ.

ಯಾವುದು ವ್ಯತ್ಯಾಸ, ಯಾವುದು ಬೇರೆಯೇ ವಸ್ತು

ಈ ಹಂತವನ್ನು ಬಹಳಷ್ಟು ಮಂದಿ ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ತಕರಾರುಗಳಲ್ಲಿ ಹೆಚ್ಚಿನವು ಹುಟ್ಟುವುದೂ ಇಲ್ಲಿಯೇ. ಅಂಕಿಗಳು ಸಿಕ್ಕ ಮೇಲೆ ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಹಾಕಿ ನೋಡಬೇಕು: ಈ ವ್ಯತ್ಯಾಸದಿಂದ ವಸ್ತುವಿನ ಬಳಕೆ ಬದಲಾಗುತ್ತದೆಯೇ? 16 ಇಂಚಿನ ದಿಂಬನ್ನು 15½ ಇಂಚಿನ ಕವರಿಗೆ ತುಂಬಿದರೆ ಅದು ತುಸು ಉಬ್ಬಿ ಚೆನ್ನಾಗಿಯೇ ಕಾಣುತ್ತದೆ. 16¼ ಇಂಚಿನದಕ್ಕೆ ತುಂಬಿದರೆ ಮೂಲೆಗಳು ಸ್ವಲ್ಪ ಸಡಿಲವಾಗುತ್ತವೆ, ಅಷ್ಟೆ. 15 ಇಂಚಿನ ಕವರಿನೊಳಗೆ ಅದೇ ದಿಂಬನ್ನು ತುರುಕಿ ನೋಡಿದಾಗ ಜಿಪ್ಪಿನ ಎರಡೂ ಬದಿಯ ಹೊಲಿಗೆ ಸೆಳೆದು ನಿಂತಿತು. ನಾಲ್ಕು ಸಲ ಬಿಚ್ಚಿ ಹಾಕಿದರೆ ಅದು ಕಿತ್ತುಬರುವುದು ಖಚಿತ. ಹಾಗಾಗಿ ಅದನ್ನು ವ್ಯತ್ಯಾಸದ ಲೆಕ್ಕಕ್ಕೆ ಸೇರಿಸದೆ ಪಕ್ಕಕ್ಕಿಟ್ಟು, ಅದರದೇ ಚಿತ್ರದೊಂದಿಗೆ 15 ಇಂಚಿನ ಬಿಡಿ ಕವರೆಂದು ಬೇರೆಯಾಗಿ ಮಾರಿದೆವು.

ಬಣ್ಣದ ವಿಷಯದಲ್ಲೂ ಇದೇ ಪ್ರಶ್ನೆ ಎದ್ದಿತು. ಕಸೂತಿಯ ಅಡಿಯ ಬಟ್ಟೆ ಎರಡು ಒಬ್ಬೆಗಳಲ್ಲಿ ಬಣ್ಣ ಅದ್ದಿದ್ದಾಗಿತ್ತು. ಮೊದಲ ಒಬ್ಬೆಯ ಆರು ಕವರುಗಳು ಇಟ್ಟಿಗೆ ಕೆಂಪು, ಎರಡನೆಯದರಲ್ಲಿ ಉಳಿದ ಐದು ಇನ್ನೂ ಗಾಢ, ಹೆಚ್ಚುಕಡಿಮೆ ಹಳೆಯ ಹುಣಸೆಹಣ್ಣಿನ ಬಣ್ಣ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಕೆಂಪೇ. ಆದರೆ ಒಂದೇ ಸೋಫಾದ ಮೇಲೆ ಅಕ್ಕಪಕ್ಕ ಇಟ್ಟರೆ ಎರಡು ಅಂಗಡಿಗಳಲ್ಲಿ ಕೊಂಡ ಹಾಗೆ ಕಾಣುತ್ತವೆ. ಜೋಡಿಯಾಗಿ ಮಾರುವ ವಸ್ತುವಿನಲ್ಲಿ ಎರಡು ಬಗೆಯ ಹೋಲಿಕೆ ಇರುತ್ತದೆ, ಚಿತ್ರದೊಂದಿಗೆ ಒಂದು, ಒಳಗೊಳಗೇ ಇನ್ನೊಂದು. ಗ್ರಾಹಕರು ಎರಡನೆಯದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೆಂಗಳೂರಿನವರಿಗೆ ನಿಜವಾಗಿ ಬೇಸರ ತಂದದ್ದು ಕನ್ನಡಿಗಳ ಎಣಿಕೆಯಲ್ಲ, ಒಂದು ಇಟ್ಟಿಗೆ ಕೆಂಪು ಇನ್ನೊಂದು ಗಾಢ ಕೆಂಪು ಹೋಗಿದ್ದದ್ದು ಎಂದು ನಮಗೆ ಅರ್ಥವಾದದ್ದು ಆಗ. ಇಟ್ಟಿಗೆ ಕೆಂಪಿನಲ್ಲಿ ಮೂರು ಜೋಡಿ, ಗಾಢ ಕೆಂಪಿನಲ್ಲಿ ಎರಡು ಜೋಡಿ ಮಾಡಿ, ಎರಡಕ್ಕೂ ಬೇರೆ ಬೇರೆ ಚಿತ್ರ ಮತ್ತು ವಿವರಣೆ ಕೊಟ್ಟೆವು. ಉಳಿದ ಒಂದು ಗಾಢ ಕೆಂಪಿನ ಕವರೂ ಬಿಡಿಯಾಗಿ ಹೋಯಿತು.

ಚಿತ್ರ ಏನನ್ನು ತೋರಿಸುತ್ತಿದೆ ಎಂದು ಹೇಳುವುದು

ವಿವರಣೆಯ ಮೊದಲ ಎರಡು ಸಾಲಿನೊಳಗೆ, ಬೆಲೆಯ ಹತ್ತಿರವೇ ಒಂದು ಮಾತು ಸ್ಪಷ್ಟವಾಗಬೇಕು: ಚಿತ್ರದಲ್ಲಿರುವುದು ಗ್ರಾಹಕರಿಗೆ ತಲುಪುವ ವಸ್ತುವೇ, ಅಥವಾ ಬರೀ ಮಾದರಿಯೇ? ಬಿಡಿ ಕವರಿಗೆ "ಚಿತ್ರದಲ್ಲಿರುವ ಕವರೇ ನಿಮಗೆ ಬರುತ್ತದೆ" ಎಂದು ಬರೆಯಬಹುದು. ಆಮೇಲೆ ಅದರ ಕನ್ನಡಿಗಳ ಬಗ್ಗೆ ಮತ್ತೆ ಹೇಳಬೇಕಾಗಿಲ್ಲ, ಚಿತ್ರವೇ ಹೇಳುತ್ತದೆ. ಹಲವು ಜೋಡಿಗಳಿಗೆ ಒಂದೇ ಚಿತ್ರ ಬಳಸುವಾಗ "ಚಿತ್ರದಲ್ಲಿರುವುದು ಮಾದರಿ" ಎಂದು ಬರೆಯಲೇಬೇಕು. ಮಾದರಿಗೆಂದು ಎಲ್ಲಕ್ಕಿಂತ ಚೆಂದದ, ಹೆಚ್ಚು ಕನ್ನಡಿಗಳಿರುವ ಕವರನ್ನು ಆರಿಸಿ ಚಿತ್ರ ತೆಗೆಯುವ ಆಸೆ ಯಾರಿಗಾದರೂ ಆಗುತ್ತದೆ. ಹಾಗೆ ಮಾಡಿದರೆ ಮನೆಗೆ ಬಂದ ಪ್ರತಿಯೊಂದು ಕವರೂ ಚಿತ್ರಕ್ಕಿಂತ ಒಂದು ತೂಕ ಕಡಿಮೆಯೇ ಕಾಣುತ್ತದೆ. ನಾವು ಈಗ 39 ಕನ್ನಡಿಗಳ ಕವರನ್ನು ಮಾದರಿಗೆ ಇಡುತ್ತೇವೆ, ಜೊತೆಗೆ ಮೂರು ಕವರುಗಳನ್ನು ಸಾಲಾಗಿ ಇಟ್ಟ ಇನ್ನೊಂದು ಚಿತ್ರವನ್ನೂ ಹಾಕುತ್ತೇವೆ. ವ್ಯತ್ಯಾಸವೆಂದರೆ ಎಷ್ಟು ಎಂಬುದನ್ನು ಆ ಎರಡನೆಯ ಚಿತ್ರ ಒಂದೇ ನೋಟಕ್ಕೆ ತೋರಿಸಿಬಿಡುತ್ತದೆ.

ಇನ್ನು ಬಣ್ಣ. ನಮ್ಮ ಬಳ್ಳಾರಿಯ ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಕೆಂಪು ಬೆಳ್ಳಗಾಗುತ್ತದೆ, ಕನ್ನಡಿಗಳು ಬರೀ ಬಿಳಿ ಚುಕ್ಕೆಗಳಾಗುತ್ತವೆ. ಬೆಳಗಿನ ಹೊತ್ತು, ಕಟ್ಟೆಯ ನೆರಳಿನಲ್ಲಿ ತೆಗೆದದ್ದು ನಿಜಕ್ಕೆ ಹತ್ತಿರ. ಅಷ್ಟಾದ ಮೇಲೂ ಮೊಬೈಲಿನಲ್ಲಿ ಕೆಂಪು ಇರುವುದಕ್ಕಿಂತ ಹೆಚ್ಚು ಝಗ್ಗೆಂದು ಬರುವುದುಂಟು, ಆದ್ದರಿಂದ "ಪರದೆಯ ಮೇಲೆ ಬಣ್ಣ ಬದಲಾಗಬಹುದು" ಎನ್ನುವುದಕ್ಕಿಂತ ಯಾವ ಕಡೆಗೆ ಬದಲಾಗುತ್ತದೆ ಎಂದು ಹೇಳುವುದು ಮೇಲು: "ಚಿತ್ರದಲ್ಲಿ ಕಾಣುವುದಕ್ಕಿಂತ ಬಟ್ಟೆ ತುಸು ಮಂದ ಕೆಂಪು."

ಮಾತುಗಳನ್ನು ಜೋಡಿಸುವುದು

ಈಗ ಬರೆಯಬಹುದು. ಪ್ರತಿ ವ್ಯತ್ಯಾಸಕ್ಕೂ ಏನು, ಎಷ್ಟು, ಏಕೆ ಎಂಬ ಮೂರು ಸಂಗತಿಗಳು ಬರಬೇಕು. "ಏಕೆ" ಎಂಬುದು ಅರ್ಧ ಸಾಲಿಗಿಂತ ಹೆಚ್ಚಿರಬಾರದು, ಇಲ್ಲದಿದ್ದರೆ ಅದು ಸಮಜಾಯಿಷಿಯಂತೆ ಕೇಳಿಸುತ್ತದೆ. ಬದಲಾಗುವುದನ್ನು ಹೇಳಿದ ಕೂಡಲೇ ಬದಲಾಗದೆ ಉಳಿಯುವುದನ್ನೂ ಹೇಳಬೇಕು. ಹಿಡಿದುಕೊಳ್ಳಲು ಏನೂ ಇಲ್ಲದೆ ಬರೀ ವ್ಯತ್ಯಾಸಗಳನ್ನೇ ಓದಿದವರಿಗೆ, ಏನು ಬೇಕಾದರೂ ಬರಬಹುದು ಎಂಬ ಅನುಮಾನ ಹುಟ್ಟುತ್ತದೆ. "ಸುಮಾರು", "ಕೊಂಚ", "ಹೆಚ್ಚುಕಡಿಮೆ" ಎಂಬ ಪದಗಳ ಪಕ್ಕದಲ್ಲಿ ಅಂಕಿ ಇಲ್ಲದಿದ್ದರೆ ಅವುಗಳನ್ನು ತೆಗೆದುಹಾಕಬೇಕು. "ಕ್ಷಮಿಸಿ" ಎಂಬುದೂ ಬೇಡ. ತಪ್ಪಲ್ಲದ್ದಕ್ಕೆ ಕ್ಷಮೆ ಕೇಳಿದರೆ ಓದುವವರು ಅದನ್ನು ತಪ್ಪೆಂದೇ ತಿಳಿಯುತ್ತಾರೆ. ಇಟ್ಟಿಗೆ ಕೆಂಪಿನ ಜೋಡಿಗೆ ಕೊನೆಗೆ ನಿಂತ ವಿವರಣೆ ಇದು:

> ಸಂಡೂರು ತಾಲ್ಲೂಕಿನ ಲಂಬಾಣಿ ಮಹಿಳೆಯರು ಕೈಯಲ್ಲಿ ಕಸೂತಿ ಹಾಕಿದ ಕುಶನ್ ಕವರುಗಳು, ಎರಡರ ಜೋಡಿ. ಚಿತ್ರದಲ್ಲಿರುವುದು ಮಾದರಿ, ನಿಮಗೆ ಬರುವುದು ಇದೇ ವಿನ್ಯಾಸದ ಬೇರೊಂದು ಜೋಡಿ. ಗೆರೆ ಎಳೆದುಕೊಳ್ಳದೆ ಕಣ್ಣಳತೆಯಲ್ಲಿ ಹೊಲಿಯುವುದರಿಂದ ಒಂದೊಂದು ಕವರಿನಲ್ಲಿ 37ರಿಂದ 44 ಕನ್ನಡಿಗಳಿರುತ್ತವೆ. ಜೋಡಿಯ ಎರಡು ಕವರುಗಳಲ್ಲೂ ಎಣಿಕೆ ಒಂದೇ ಇರುವುದಿಲ್ಲ. ಹೊಲಿಗೆ ಬಟ್ಟೆಯನ್ನು ಎಳೆಯುವುದರಿಂದ ಬದಿಯ ಅಳತೆ 15½ರಿಂದ 16¼ ಇಂಚು. 16 ಇಂಚಿನ ದಿಂಬು ಎಲ್ಲಕ್ಕೂ ಹಿಡಿಯುತ್ತದೆ. ನಡುವಿನ ಚೌಕ, ಮೂಲೆಗಳ ಕವಡೆ, ಹಿಂಬದಿಯ ಬಟ್ಟೆ ಮತ್ತು ಜಿಪ್ಪು ಎಲ್ಲದರಲ್ಲೂ ಒಂದೇ. ಜೋಡಿಯ ಎರಡೂ ಕವರುಗಳು ಒಂದೇ ಒಬ್ಬೆಯಲ್ಲಿ ಬಣ್ಣ ಅದ್ದಿದವು. ಬಟ್ಟೆ ಚಿತ್ರಕ್ಕಿಂತ ತುಸು ಮಂದ ಕೆಂಪು. ಕಳಿಸುವ ಮುನ್ನ ನಿಮ್ಮ ಜೋಡಿಯ ಚಿತ್ರ ಬೇಕಿದ್ದರೆ ಕೇಳಿ, ಕಳಿಸುತ್ತೇವೆ.

ಕೊನೆಯ ಸಾಲನ್ನು ಸೇರಿಸಲು ಗುಂಪಿನಲ್ಲಿ ಒಬ್ಬರು ಒಪ್ಪಿರಲಿಲ್ಲ, ಎಲ್ಲರೂ ಚಿತ್ರ ಕೇಳುತ್ತ ಕುಳಿತರೆ ಕಸೂತಿ ಹಾಕುವುದು ಯಾವಾಗ ಎಂಬುದು ಅವರ ಪ್ರಶ್ನೆ. ಕೇಳಿದವರು ಕೆಲವರೇ, ಹಾಗೆ ಕೇಳಿ ನೋಡಿ ಕೊಂಡವರ ಪೈಕಿ ಯಾರೂ ಈವರೆಗೆ ವಾಪಸು ಕಳಿಸಿಲ್ಲ.

ಈ ಮಾತುಗಳು ಕಾಯದ ಜಾಗ

ಕನ್ನಡಿ ಬಿರುಕು ಬಿಟ್ಟಿದ್ದರೆ, ಬಿಲ್ಲೆಯ ಸುತ್ತಲಿನ ಹೊಲಿಗೆ ಸಡಿಲವಾಗಿ ಅದು ಅಲುಗಾಡುತ್ತಿದ್ದರೆ, ಜಿಪ್ಪು ಕಚ್ಚಿಕೊಳ್ಳುತ್ತಿದ್ದರೆ ಅದು ಕೈಕೆಲಸದ ವ್ಯತ್ಯಾಸವಲ್ಲ, ದೋಷ. ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳಿಲ್ಲದ ವಸ್ತುವನ್ನು ವಾಪಸು ಪಡೆಯಲು ಇ-ವಾಣಿಜ್ಯ ತಾಣದಲ್ಲಿ ಮಾರುವವರು ನಿರಾಕರಿಸುವಂತಿಲ್ಲ. ವ್ಯತ್ಯಾಸದ ಸಾಲನ್ನು ಎಷ್ಟು ಚೆನ್ನಾಗಿ ಬರೆದರೂ ಈ ಹೊಣೆ ತಪ್ಪುವುದಿಲ್ಲ. ಅದಕ್ಕಾಗಿ ಇವುಗಳನ್ನು ಬೇರೆಯ ಪರಿಚ್ಛೇದದಲ್ಲಿ, "ಇಂಥದ್ದು ಕಂಡರೆ ವಾಪಸು ತೆಗೆದುಕೊಳ್ಳುತ್ತೇವೆ" ಎಂದು ಹೆಸರು ಹಿಡಿದೇ ಬರೆಯಬೇಕು.

ಬಣ್ಣ ಬಿಡುವುದು ಈ ಎರಡರ ನಡುವೆ ಸಿಕ್ಕಿಕೊಳ್ಳುವ ಸಂಗತಿ. ಬಿಳಿ ಬಟ್ಟೆಯ ತುಂಡನ್ನು ಒದ್ದೆ ಮಾಡಿ ಕವರಿನ ಒಳಮಗ್ಗುಲಿಗೆ ಹತ್ತು ಸಲ ಉಜ್ಜಿ ನೋಡಬೇಕು. ತೆಳು ಗುಲಾಬಿ ಹತ್ತಿದರೆ "ಮೊದಲ ಒಗೆತಗಳಲ್ಲಿ ಬಣ್ಣ ಬಿಡುತ್ತದೆ, ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ" ಎಂದು ಬರೆದರೆ ಸಾಕು. ಬಟ್ಟೆಯ ತುಂಡು ಕೆಂಪಾಗಿಯೇ ಬಂದರೆ ಅಂಥ ಕವರನ್ನು ಯಾವ ಸಾಲಿನ ಆಸರೆಯಲ್ಲೂ ಮಾರಬಾರದು, ಅದು ಗ್ರಾಹಕರ ದಿಂಬನ್ನೂ ಸೋಫಾವನ್ನೂ ಕೆಡಿಸುತ್ತದೆ.

ಮುಂದಿನ ಒಬ್ಬೆಯ ಬಟ್ಟೆ ಬಂದಾಗ ಹಳೆಯ ವಿವರಣೆಯನ್ನು ಹಾಗೆಯೇ ಅಂಟಿಸಬಾರದು. ಕಳೆದ ಸಲ ಹೊಸದಾಗಿ ಬಂದ ಎಂಟು ಕವರುಗಳಲ್ಲಿ ಕನ್ನಡಿಗಳು 35ರಿಂದಲೇ ಶುರುವಾಗಿದ್ದವು. ಟೇಪನ್ನು ಮತ್ತೆ ಹೊರತೆಗೆದು, ಅಂಕಿಗಳನ್ನು ತಿದ್ದಿ, ಮಾದರಿಯ ಚಿತ್ರವನ್ನೂ ಬದಲಿಸಿದ ಮೇಲೆಯೇ ಅವು ಮಾರಾಟಕ್ಕೆ ಹೋದವು.