ಮುಕ್ತಾಯದ ದಿನಕ್ಕೆ ಆರು ತಿಂಗಳು ಮೊದಲೇ ಮುಗಿಯುವ ಪಾಸ್‌ಪೋರ್ಟ್

ಪಾಸ್‌ಪೋರ್ಟಿನಲ್ಲಿ ಅಚ್ಚಾದ ಮುಕ್ತಾಯದ ದಿನಾಂಕ ನೋಡಿ, "ಇನ್ನೂ ಬೇಕಾದಷ್ಟು ಸಮಯವಿದೆ" ಎಂದು ಮತ್ತೆ ಪೆಟ್ಟಿಗೆಯೊಳಗೆ ಇಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಪೊನ್ನಂಪೇಟೆ ಕಡೆಯವನು, ದುಬೈಗೆ ಬಂದು ಹದಿನೆಂಟು ವರ್ಷವಾಯಿತು. ಕೊಡಗಿನಿಂದ ಹೊಸದಾಗಿ ಬಂದವರಿಗೆ ಬುದ್ಧಿ ಹೇಳುವಷ್ಟು ಅನುಭವಸ್ಥ ಎಂದು ನನ್ನನ್ನು ನಾನೇ ತಿಳಿದುಕೊಂಡಿದ್ದೆ. ಅಮ್ಮನ ಪ್ರಯಾಣದಲ್ಲಿ ಆ ಜಂಬ ಇಳಿಯಿತು.

ಅಮ್ಮನ ಪಾಸ್‌ಪೋರ್ಟಿನ ಅವಧಿ 2025ರ ಜೂನ್ 14ರವರೆಗೆ ಇತ್ತು. ಭೇಟಿಗೆ ಬರುವವರ ಪಾಸ್‌ಪೋರ್ಟಿನಲ್ಲಿ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕೆಂದು ಯುಎಇ ಕೇಳುತ್ತದೆ. ಇಲ್ಲಿಗೆ ಬರಲು ಭೇಟಿ ವೀಸಾ 2024ರ ಡಿಸೆಂಬರ್ 5ರಂದು ಸಿಕ್ಕಿತು. ಅಂದಿಗೆ ಲೆಕ್ಕ ಹಾಕಿದರೆ ಆರು ತಿಂಗಳು ಒಂಬತ್ತು ದಿನ, ತೊಂದರೆಯಿಲ್ಲ. ಟಿಕೆಟ್ 10ನೇ ತಾರೀಖಿಗೆ ಇತ್ತು. ಅಷ್ಟರಲ್ಲಿ ಕಾಫಿ ಕೊಯ್ಲಿಗೆ ಜನ ಸಿಕ್ಕಿದರು. ಆ ದಿನಗಳಲ್ಲಿ ಕೆಲಸದವರು ಸಿಕ್ಕಿದರೆ ಅವರನ್ನು ಬಿಟ್ಟು ಯಾರೂ ಹೊರಡುವುದಿಲ್ಲ. "ಕಣದಲ್ಲಿ ಕಾಫಿ ಹರವಿಟ್ಟು ನಾನು ವಿಮಾನ ಹತ್ತಲೇ?" ಎಂದರು ಅಮ್ಮ. ಟಿಕೆಟ್ಟನ್ನು 20ಕ್ಕೆ ಬದಲಿಸಿದೆ. ವೀಸಾ ಕೈಯಲ್ಲಿದೆ, ಇನ್ನೇನು ಎಂದು ಪಾಸ್‌ಪೋರ್ಟಿನ ಕಡೆ ಮತ್ತೆ ನೋಡಲೇ ಇಲ್ಲ.

ಭಾವ ಬೆಳಗಿನ ಜಾವಕ್ಕೆ ಮಾಕುಟ್ಟದ ಘಟ್ಟ ಇಳಿಸಿ ಅಮ್ಮನನ್ನು ಕಣ್ಣೂರು ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದರು. ಬೋರ್ಡಿಂಗ್ ಪಾಸ್ ಕೊಡುವ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಪರದೆ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು. "ವೀಸಾ ಸರಿಯಾಗಿದೆ ಅಮ್ಮಾ, ಪಾಸ್‌ಪೋರ್ಟಿಗೆ ಆರು ದಿನ ಸಾಲದು" ಎಂದಳು. ಡಿಸೆಂಬರ್ 20ರಂದು ಇಳಿದರೆ ಜೂನ್ 20ರವರೆಗೆ ಅವಧಿ ಬೇಕು, ಇದ್ದದ್ದು 14ರವರೆಗೆ. ಕಾಚಂಪುಳಿ ಶೀಸೆ, ಕಡುಬಿನ ತರಿ, ನನಗೆಂದು ಕಟ್ಟಿದ್ದ ಕಾಳುಮೆಣಸು ಎಲ್ಲವೂ ಮತ್ತೆ ಘಟ್ಟ ಹತ್ತಿದವು.

ಆ ಹುಡುಗಿಯ ಮೇಲೆ ಭಾವನಿಗೆ ಸಿಟ್ಟು ಬಂದಿತ್ತು. ಆದರೆ ಅವಳು ಬಿಡುವಂತಿರಲಿಲ್ಲ. ಇಳಿಯುವ ದೇಶದ ನಿಯಮಕ್ಕೆ ಹೊಂದದ ಪ್ರಯಾಣಿಕರನ್ನು ಕರೆತಂದರೆ ವಿಮಾನ ಸಂಸ್ಥೆಯೇ ದಂಡ ಕಟ್ಟಬೇಕಾಗಬಹುದು, ಅವರನ್ನು ವಾಪಸು ಕರೆದೊಯ್ಯುವ ಹೊಣೆಯೂ ಅದರದ್ದೇ. ಆದ್ದರಿಂದ ಅಳತೆ ನಡೆಯುವುದು ನೀವು ಹೊರಡುವ ಕೌಂಟರಿನಲ್ಲಿಯೇ. ಅಲ್ಲಿ ವಾದ, ಕಣ್ಣೀರು, ಪರಿಚಯ ಯಾವುದೂ ನಡೆಯುವುದಿಲ್ಲ.

ಎಣಿಕೆ ಶುರುವಾಗುವುದು ನೀವು ಆ ದೇಶದಲ್ಲಿ ಇಳಿಯುವ ದಿನದಿಂದ. ಟಿಕೆಟ್ ಕೊಂಡ ದಿನವೂ ಅಲ್ಲ, ವೀಸಾ ಬಂದ ದಿನವೂ ಅಲ್ಲ. ರಾತ್ರಿಯ ವಿಮಾನದಲ್ಲಿ ಇನ್ನೊಂದು ತೊಡಕಿದೆ. ಅಮ್ಮ ಡಿಸೆಂಬರ್ 14ರ ರಾತ್ರಿ ಹನ್ನೊಂದಕ್ಕೆ ಹೊರಟಿದ್ದರೂ ಇಲ್ಲಿ ಇಳಿಯುವಾಗ 15 ಆಗಿರುತ್ತಿತ್ತು, ಒಂದು ದಿನ ಕಡಿಮೆ ಬೀಳುತ್ತಿತ್ತು. ಭೇಟಿಗೆ ಬರುವವರಿಗೆ ಯುಎಇ, ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್ ಆರು ತಿಂಗಳು ಕೇಳುತ್ತವೆ. ಯುರೋಪಿನ ಷೆಂಗೆನ್ ದೇಶಗಳ ಲೆಕ್ಕ ಬೇರೆ: ಅಲ್ಲಿಂದ ಹೊರಡುವ ದಿನದ ನಂತರ ಮೂರು ತಿಂಗಳು ಉಳಿದಿರಬೇಕು. ಹಾಗಾಗಿ ಗೆಳೆಯನೊಬ್ಬ ಪ್ಯಾರಿಸ್ಸಿಗೆ ಹೋಗಿಬಂದ ಪಾಸ್‌ಪೋರ್ಟ್ ನಿಮ್ಮ ಸಿಂಗಪುರದ ಪ್ರಯಾಣಕ್ಕೆ ಸಾಲದೇ ಹೋಗಬಹುದು.

ಖಾಲಿ ಪುಟದ ವಿಷಯದಲ್ಲಿ ನಮ್ಮ ಜನ ಇನ್ನೂ ನಿಶ್ಚಿಂತರು. ಸಾಮಾನ್ಯ ಪುಸ್ತಕದಲ್ಲಿ 36 ಪುಟ. ಅದರಲ್ಲಿ ಫೋಟೊ ಇರುವ ಪುಟ, ತಂದೆ ತಾಯಿ ಮತ್ತು ವಿಳಾಸದ ಪುಟ, ಷರಾ ಬರೆಯುವ ಪುಟ ಲೆಕ್ಕಕ್ಕಿಲ್ಲ. ಮೇಲೆ ವೀಸಾ ಎಂದು ಅಚ್ಚಾದ ಪುಟ ಮಾತ್ರ ಖಾಲಿ ಪುಟ. ಅದರ ಮೂಲೆಯಲ್ಲಿ ಒಂದು ಮಸುಕು ಮುದ್ರೆ ಬಿದ್ದಿದ್ದರೂ ಅದು ಖಾಲಿಯಲ್ಲ. ಷೆಂಗೆನ್ ವೀಸಾಕ್ಕೆ ಇಂಥ ಎರಡು ಪುಟ ಬೇಕು, ಏಕೆಂದರೆ ವೀಸಾದ ಚೀಟಿಯೇ ಒಂದು ಪುಟವನ್ನು ಪೂರ್ತಿ ತಿನ್ನುತ್ತದೆ. ಕಂಪನಿ ಕೆಲಸಕ್ಕೆಂದು ತಿಂಗಳಿಗೊಮ್ಮೆ ದೇಶ ದಾಟುವವರ ಪುಸ್ತಕ ನಾಲ್ಕೈದು ವರ್ಷಕ್ಕೇ ತುಂಬಿಹೋಗುತ್ತದೆ. ಭಾರತದ ಪಾಸ್‌ಪೋರ್ಟಿಗೆ ಪುಟ ಅಂಟಿಸಿಕೊಡುವ ಪದ್ಧತಿ ಇಲ್ಲ, ಹೊಸ ಪುಸ್ತಕವನ್ನೇ ಪಡೆಯಬೇಕು. ಅಂಥವರು ಮುಂದಿನ ಸಲ 60 ಪುಟದ್ದನ್ನು ಕೇಳಿ. ಭಾರತದಲ್ಲಿ ಅರ್ಜಿ ಹಾಕಿದರೆ 36 ಪುಟಕ್ಕೆ 1500 ರೂಪಾಯಿ, 60 ಪುಟಕ್ಕೆ 2000. ಐನೂರು ರೂಪಾಯಿ ಉಳಿಸಿ ಎರಡನೇ ಸಲ ಓಡಾಡುವುದು ಉಳಿತಾಯವಲ್ಲ. ವಲಸೆ ಅಧಿಕಾರಿಗೆ ಪಾಸ್‌ಪೋರ್ಟ್ ಕೊಡುವಾಗ ಅರ್ಧ ತುಂಬಿದ ಪುಟವನ್ನು ತೆರೆದು, "ಇಲ್ಲಿಯೇ ಹಾಕಿಕೊಡಿ ಸಾರ್" ಎಂದು ವಿನಯವಾಗಿ ಕೇಳುವುದು ನನ್ನ ಅಭ್ಯಾಸ. ಹತ್ತರಲ್ಲಿ ಏಳು ಮಂದಿ ಹಾಗೆಯೇ ಹಾಕಿದ್ದಾರೆ.

ಇನ್ನು ನವೀಕರಣ. ನಾವು ಬಾಯಲ್ಲಿ ನವೀಕರಣ ಎನ್ನುತ್ತೇವೆ, ಅರ್ಜಿಯಲ್ಲಿ ಆ ಮಾತೇ ಇಲ್ಲ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ನೀವು ಆರಿಸಬೇಕಾದದ್ದು Re-issue of Passport. ಹಳೆಯದರ ಅವಧಿ ಮುಗಿದಿದ್ದರೂ, ಅದು ಕಳೆದುಹೋಗಿದ್ದರೂ ಇದನ್ನೇ ಆರಿಸಬೇಕು. "ಹೊಸ ಪುಸ್ತಕ ತಾನೇ ಬೇಕು" ಎಂದು Fresh Passport ಒತ್ತಿದರೆ, ಹಿಂದೆ ಪಾಸ್‌ಪೋರ್ಟ್ ಇದ್ದದ್ದನ್ನು ಮುಚ್ಚಿಟ್ಟಂತೆ ಆಗುತ್ತದೆ. ಆಮೇಲೆ ಕಾರಣ ಕೇಳುತ್ತದೆ: ಅವಧಿ ಮುಗಿಯುತ್ತಿದೆಯೋ, ಪುಟ ಮುಗಿದಿದೆಯೋ, ವಿವರ ಬದಲಾಗಿದೆಯೋ. ಪುಟ ಮುಗಿದವರಿಗೆ Exhaustion of Pages. ಮುಕ್ತಾಯಕ್ಕೆ ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು. ಹೊಸದಕ್ಕೆ ಹತ್ತು ವರ್ಷ, ಹಳೆಯದರಲ್ಲಿ ಉಳಿದ ತಿಂಗಳುಗಳು ಅದಕ್ಕೆ ಸೇರುವುದಿಲ್ಲ. ಆ ತಿಂಗಳುಗಳು ಪೋಲಾಗುತ್ತವೆಂದು ಕಾಯುವವರನ್ನು ಕಂಡಿದ್ದೇನೆ. ಅವರು ಉಳಿಸಿಕೊಳ್ಳುವುದು ಬಹಳ ದೇಶಗಳಿಗೆ ಹೋಗಲಾಗದ ಆರು ತಿಂಗಳುಗಳನ್ನು.

ಎಲ್ಲಿ ಹಾಕಬೇಕು? ನೀವು ವಾಸವಿರುವ ದೇಶದಲ್ಲಿಯೇ ಹಾಕಿ, ಇದು ನನ್ನ ಖಚಿತ ಅಭಿಪ್ರಾಯ. ದುಬೈ ಮತ್ತು ಉತ್ತರದ ಎಮಿರೇಟ್‌ಗಳಲ್ಲಿ ಇರುವವರಿಗೆ ದುಬೈನ ಭಾರತೀಯ ಕಾನ್ಸುಲೇಟ್, ಅಬುಧಾಬಿಯವರಿಗೆ ಅಲ್ಲಿನ ರಾಯಭಾರ ಕಚೇರಿ. ಮೂವತ್ತು ದಿನದ ರಜೆಯಲ್ಲಿ ಊರಿಗೆ ಹೋಗಿ ಅಲ್ಲಿ ಮಾಡಿಸಿಕೊಳ್ಳುತ್ತೇನೆ ಎನ್ನಬೇಡಿ. ಅಲ್ಲಿ ಪ್ರಸ್ತುತ ವಿಳಾಸ ಎಂದು ಊರಿನ ಮನೆಯನ್ನು ಬರೆಯುತ್ತೀರಿ. ಪೊಲೀಸ್ ಪರಿಶೀಲನೆ ಬರುವ ಹೊತ್ತಿಗೆ ನೀವಲ್ಲಿ ಇರಬೇಕು. ಮಳೆಗಾಲವಾದರೆ ಮರ ಬಿದ್ದು ರಸ್ತೆ ಮುಚ್ಚಿರುತ್ತದೆ, ಕರೆಂಟಿಲ್ಲದೆ ಮೊಬೈಲ್ ಸತ್ತಿರುತ್ತದೆ. ನಿಮ್ಮ ರಜೆ ಮಾತ್ರ ಯಾರಿಗೂ ಕಾಯುವುದಿಲ್ಲ.

ಅಮ್ಮನದು ಊರಿನಲ್ಲಿಯೇ ಆಗಬೇಕಿತ್ತು. ಆ ಕಾಗದಗಳ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ತಂದೆ ತಾಯಿಯರದೂ ಹೀಗೆಯೇ ಇರುತ್ತದೆ. ಮೈಸೂರಿನಲ್ಲಿ ಸಮಯ ಕಾದಿರಿಸಿದೆವು. ಬೇಕಾದದ್ದು ಹಳೆಯ ಪಾಸ್‌ಪೋರ್ಟಿನ ಮೂಲಪ್ರತಿ, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ನಕಲು, ಆ ನಕಲುಗಳ ಮೇಲೆ ಅಮ್ಮನದೇ ಸಹಿ, ಮತ್ತು ಪ್ರಸ್ತುತ ವಿಳಾಸದ ಪುರಾವೆಯಾಗಿ ಆಧಾರ್. ಕೇಳುವುದಕ್ಕೆ ಇಷ್ಟೇ. ಆದರೆ ಹಳೆಯ ಪಾಸ್‌ಪೋರ್ಟಿನಲ್ಲಿ ವಿರಾಜಪೇಟೆ ತಾಲ್ಲೂಕು, ಆಧಾರಿನಲ್ಲಿ ಪೊನ್ನಂಪೇಟೆ ತಾಲ್ಲೂಕು. ಮನೆ ಕದಲಿಲ್ಲ, ತಾಲ್ಲೂಕು ಕದಲಿದೆ. ಅರ್ಜಿಯಲ್ಲಿ ಆಧಾರಿನಲ್ಲಿ ಇದ್ದ ಹಾಗೆಯೇ, ಅಕ್ಷರ ಬಿಡದೆ, ವಿಳಾಸ ಬರೆಯಬೇಕಿತ್ತು. ತಂಗಿ ಹಳೆಯ ಪಾಸ್‌ಪೋರ್ಟ್ ನೋಡಿಕೊಂಡು ತುಂಬಿದ್ದಳು, ಪೊಲೀಸ್ ಠಾಣೆಯ ಜಾಗದಲ್ಲಿಯೂ ವಿರಾಜಪೇಟೆ ಗ್ರಾಮಾಂತರವನ್ನು ಆರಿಸಿದ್ದಳು. ನಮ್ಮ ಗ್ರಾಮ ಬರುವುದು ಪೊನ್ನಂಪೇಟೆ ಠಾಣೆಗೆ. ಕಡತ ವಿರಾಜಪೇಟೆ ಗ್ರಾಮಾಂತರ ಠಾಣೆಗೆ ಹೋಗಿ, "ಇದು ನಮ್ಮ ವ್ಯಾಪ್ತಿಯಲ್ಲ" ಎಂದು ಹಿಂದಿರುಗಿ, ಸರಿಯಾದ ಠಾಣೆ ಸೇರುವ ಹೊತ್ತಿಗೆ ಹೂ ಮಳೆಯ ಮಾತು ಶುರುವಾಗಿತ್ತು. ನಿಮ್ಮ ಗ್ರಾಮ ಯಾವ ಠಾಣೆಗೆ ಸೇರಿದೆ ಎಂದು ಪಂಚಾಯಿತಿಯಲ್ಲಿ ಒಂದು ಮಾತು ಕೇಳಿಕೊಂಡು ಆಮೇಲೆ ಅರ್ಜಿ ತುಂಬಿ.

ಹೆಸರಿನಲ್ಲಿ ನಮಗೆ ಇನ್ನೊಂದು ಕಷ್ಟವಿದೆ. ಕೊಡವರಲ್ಲಿ ಮನೆಹೆಸರು ಮೊದಲು ಬರುತ್ತದೆ, ಬಹಳ ಕಾಗದಗಳಲ್ಲಿ ಅದು ಬರೀ ಒಂದು ಇನಿಷಿಯಲ್ ಆಗಿ ಕುಳಿತಿರುತ್ತದೆ. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಳೆಯ ಪಾಸ್‌ಪೋರ್ಟಿನಲ್ಲಿ ಬಿಡಿಸಿದ ಹೆಸರು, ಆಧಾರಿನಲ್ಲಿ ಇನಿಷಿಯಲ್ ಇದ್ದರೆ ಮೊದಲು ಆಧಾರನ್ನು ಸರಿಪಡಿಸಿ, ಆಮೇಲೆ ಸಮಯ ಕಾದಿರಿಸಿ. ಒಮ್ಮೆ ಹಣ ಕಟ್ಟಿದ ಅರ್ಜಿಯ ದಿನಾಂಕವನ್ನು ವರ್ಷದೊಳಗೆ ಮೂರು ಸಲ ಮಾತ್ರ ಬದಲಿಸಲು ಸಾಧ್ಯ. ಮದುವೆಯ ನಂತರ ಗಂಡನ ಮನೆಹೆಸರು ಸೇರಿಸಲೇಬೇಕೆಂಬ ನಿಯಮ ಪಾಸ್‌ಪೋರ್ಟಿನಲ್ಲಿ ಇಲ್ಲ. ಸೇರಿಸುವುದಾದರೆ ಅವಸರದ ಪ್ರಯಾಣದ ಮುಂಚೆ ಬೇಡ. ವೀಸಾ, ಟಿಕೆಟ್, ಬ್ಯಾಂಕು ಎಲ್ಲವೂ ಹಳೆಯ ಹೆಸರಿನಲ್ಲಿ ಇದ್ದು ಪಾಸ್‌ಪೋರ್ಟ್ ಒಂದೇ ಹೊಸ ಹೆಸರಿನಲ್ಲಿ ಬಂದರೆ, ಪ್ರತಿ ಕೌಂಟರಿನಲ್ಲಿಯೂ ಮದುವೆಯ ಪ್ರಮಾಣಪತ್ರ ತೋರಿಸುತ್ತ ನಿಲ್ಲಬೇಕು.

ಒಂದು ವಿಷಯ ಕೊಡಗಿನವರಿಗೇ ಮೀಸಲು. ಪಾಸ್‌ಪೋರ್ಟನ್ನು ಮರದ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡಬೇಡಿ. ಆಟಿ ತಿಂಗಳ ತೇವಕ್ಕೆ ಪುಟದ ಅಂಚು ಉಬ್ಬುತ್ತದೆ, ಹೊದಿಕೆಗೆ ಬೂಷ್ಟು ಹಿಡಿಯುತ್ತದೆ, ಫೋಟೊ ಪುಟದ ಪ್ಲಾಸ್ಟಿಕ್ ಪದರ ಮೂಲೆಯಿಂದ ಏಳುತ್ತದೆ. ಆ ಪದರ ಎದ್ದದ್ದನ್ನು ಫೋಟೊ ತಿದ್ದಿದ ಗುರುತೆಂದು ಕೌಂಟರಿನವರು ಅನುಮಾನಿಸುತ್ತಾರೆ. ಅಷ್ಟಾದ ಮೇಲೆ ಅದು ಹಾಳಾದ ಪಾಸ್‌ಪೋರ್ಟಿನ ವರ್ಗಕ್ಕೆ ಸೇರುತ್ತದೆ, ಬಿಸಿಲಿಗೆ ಒಣಗಿಸಿ ಸರಿಮಾಡಲು ಹೋದರೆ ಇನ್ನಷ್ಟು ಕೆಡುತ್ತದೆ. ಗಾಳಿಯಾಡದ ಡಬ್ಬಿಯೊಳಗೆ, ಔಷಧಿ ಶೀಸೆಗಳಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣಗಳ ಜೊತೆ ಇಡಿ.

ಅಮ್ಮನ ಹೊಸ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂತು. ಹಳೆಯದನ್ನು ಮೂಲೆ ಕತ್ತರಿಸಿ ರದ್ದು ಮಾಡಿ ಮೊದಲೇ ಕೈಗೆ ಕೊಟ್ಟಿದ್ದರು. ಹಳೆಯ ಪುಸ್ತಕದಲ್ಲಿ ಅಂಟಿಸಿದ ಅಮೆರಿಕದ ವೀಸಾದಂಥವು ಪಾಸ್‌ಪೋರ್ಟ್ ರದ್ದಾದರೂ ನಡೆಯುತ್ತವೆ, ಎರಡನ್ನೂ ಒಟ್ಟಿಗೆ ಒಯ್ದರೆ ಸಾಕು. ಯುಎಇಯ ಭೇಟಿ ವೀಸಾ ಹಾಗಲ್ಲ, ಅದು ಪಾಸ್‌ಪೋರ್ಟ್ ಸಂಖ್ಯೆಗೆ ಕಟ್ಟುಬಿದ್ದದ್ದು, ಸಂಖ್ಯೆ ಬದಲಾದರೆ ವೀಸಾ ಮತ್ತೆ ಮಾಡಿಸಬೇಕು. ಹಾಗೆ ಎರಡನೇ ವೀಸಾ ಮಾಡಿಸಿದೆ. ಈ ಸಲ ಟಿಕೆಟ್ ಕೊಳ್ಳುವ ಮೊದಲು ಅಮ್ಮನೇ ಫೋನು ಮಾಡಿ, "ಇಳಿಯುವ ದಿನ ಯಾವುದು ಹೇಳು, ಬೆರಳು ಮಡಚುತ್ತೇನೆ" ಎಂದರು.